ಇಪ್ಪತ್ತು ತುಂಬಿದವರು ಯಾವ ಚೌಕಕ್ಕೆ ಸೇರಬೇಕು?

ಕಳೆದ ವರ್ಷ ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಹಳ್ಳಿಯೊಂದರಲ್ಲಿ ಏಳು ದಿನಗಳ ಸೇವಾಶಿಬಿರವನ್ನು ನಡೆಸಿದರು. ಆ ಊರಿನ ಗ್ರಂಥಾಲಯದಲ್ಲಿ ಸ್ಪರ್ಧಾಪರೀಕ್ಷೆಗಳಿಗೆ ಓದುವವರಿಗಾಗಿ ಒಂದು ಕೊಠಡಿಯನ್ನು ಬಿಟ್ಟುಕೊಡುವ ಆಲೋಚನೆ ಪಂಚಾಯಿತಿಯವರಿಗಿತ್ತು. ಯಾವ ವಯಸ್ಸಿನವರು ಎಷ್ಟು ಮಂದಿ ಇದ್ದಾರೆ, ಮನೆಗಳ ಆದಾಯ ಎಷ್ಟು ಎಂಬುದನ್ನು ತಿಳಿದುಕೊಡಬೇಕೆಂದು ಅವರು ನಮ್ಮನ್ನು ಕೇಳಿದರು. ಪ್ರಶ್ನಾವಳಿಯನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಭೌತಶಾಸ್ತ್ರದ ಅಧ್ಯಾಪಕನಿಗೆ ಅಳತೆಯ ವಿಷಯದಲ್ಲಿ ಇರುವ ಸಹಜವಾದ ಗರ್ವದಿಂದ, ಹಳೆಯ ಫಾರಂ ಒಂದನ್ನು ಮುಂದಿಟ್ಟುಕೊಂಡು ಅರ್ಧ ಗಂಟೆಯಲ್ಲಿ ಅದನ್ನು ಬರೆದುಕೊಟ್ಟೆ. ವಯಸ್ಸಿನ ಪ್ರಶ್ನೆಯ ಕೆಳಗೆ ಚೌಕಗಳು ಹೀಗಿದ್ದುವು: 15–20, 20–25, 25–30, 30–35. ಇದರಲ್ಲಿ ತಪ್ಪೇನಿದೆಯೆಂದು ಆಗ ನನಗೆ ತೋರಲಿಲ್ಲ.

ಊರಿನ ಒಂದು ಬೀದಿಗೆ ಇಬ್ಬರು ವಿದ್ಯಾರ್ಥಿಗಳು ಬೇರೆ ಬೇರೆ ದಿನ ಹೋಗಿ, ಅದೇ ಮನೆಗಳಲ್ಲಿ ಅದೇ ಪ್ರಶ್ನೆಗಳನ್ನು ಕೇಳಿ ಬಂದಿದ್ದರು. ಅದು ಕೈತಪ್ಪಿನಿಂದ ಆದದ್ದು. ಆದರೆ ಆ ಕೈತಪ್ಪೇ ನಮಗೆ ಉಪಕಾರ ಮಾಡಿತು. ಆ ಬೀದಿಯ ಯುವಕ ಯುವತಿಯರು 12 ಮಂದಿ. ಮೊದಲನೆಯ ವಿದ್ಯಾರ್ಥಿಯ ಲೆಕ್ಕದಲ್ಲಿ ನಾಲ್ಕು ಚೌಕಗಳಿಗೆ ಕ್ರಮವಾಗಿ 5, 5, 2, 0 ಮಂದಿ ಬಂದಿದ್ದರು. ಎರಡನೆಯವನ ಲೆಕ್ಕದಲ್ಲಿ 2, 5, 4, 1. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ಕೂಡುವುದರಲ್ಲಿ ತಪ್ಪಿರಲಿಲ್ಲ. ಮರುದಿನ ನಾವೇ ಹೋಗಿ ವಯಸ್ಸುಗಳನ್ನು ಕೇಳಿ ಬರೆದುಕೊಂಡೆವು: 18, 19, 20, 20, 20, 22, 24, 25, 25, 25, 28, 30.

ರಹಸ್ಯ ಆಗ ಬಯಲಾಯಿತು. ಇಪ್ಪತ್ತು ತುಂಬಿದವರಿಗೆ ನನ್ನ ಫಾರಂ ಎರಡು ಬಾಗಿಲುಗಳನ್ನು ತೆರೆದಿಟ್ಟಿತ್ತು. ‘20’ ಎಂಬ ಅಂಕಿ ಮೊದಲ ಚೌಕದ ಕೊನೆಯಲ್ಲಿಯೂ ಇದೆ, ಎರಡನೆಯದರ ಆದಿಯಲ್ಲಿಯೂ ಇದೆ. ಮೊದಲನೆಯ ವಿದ್ಯಾರ್ಥಿ ಎಲ್ಲೆಯ ಮೇಲೆ ನಿಂತವರನ್ನು ಕೆಳಗಿನ ಚೌಕಕ್ಕೆ ಸೇರಿಸುತ್ತ ಹೋದ. ಎರಡನೆಯವನು ಮೇಲಿನದಕ್ಕೆ ಸೇರಿಸಿದ. ಗಮನಿಸಬೇಕಾದ ಸಂಗತಿ ಮತ್ತೊಂದಿದೆ. 20–25ರ ಚೌಕದಲ್ಲಿ ಇಬ್ಬರಿಗೂ ಐದೇ ಮಂದಿ ದೊರೆತಿದ್ದಾರೆ. ಮೇಲುನೋಟಕ್ಕೆ ಅಲ್ಲಿ ಒಮ್ಮತವಿದೆಯೆಂದೇ ತೋರುತ್ತದೆ. ಆದರೆ ಮೊದಲನೆಯವನ ಐವರಲ್ಲಿ ಮೂವರು ಇಪ್ಪತ್ತೈದು ತುಂಬಿದವರು. ಎರಡನೆಯವನ ಐವರಲ್ಲಿ ಮೂವರು ಇಪ್ಪತ್ತು ತುಂಬಿದವರು. ಎರಡು ಲೆಕ್ಕಗಳಲ್ಲಿಯೂ ಇರುವವರು 22ರ ಮತ್ತು 24ರ ಇಬ್ಬರು ಮಾತ್ರ! ಅಂಕಿ ಹೊಂದಿಕೊಂಡಿತೆಂದ ಮಾತ್ರಕ್ಕೆ ಎಣಿಕೆಯೂ ಹೊಂದಿಕೊಂಡಿತೆಂದು ಭಾವಿಸಲಾಗದು.

ಸರಾಸರಿಯನ್ನು ತೆಗೆದರೆ ದೋಷದ ಪರಿಮಾಣ ತಿಳಿಯುತ್ತದೆ. ಹೀಗೆ ವರ್ಗಗಳಾಗಿ ವಿಂಗಡಿಸಿದ ಲೆಕ್ಕದಲ್ಲಿ ಪ್ರತಿಯೊಬ್ಬರ ವಯಸ್ಸು ನಮಗೆ ಗೊತ್ತಿರುವುದಿಲ್ಲವಾದ್ದರಿಂದ, ವರ್ಗದ ನಡುವಿನ ಬೆಲೆಯನ್ನೇ ಅದರಲ್ಲಿರುವ ಎಲ್ಲರ ವಯಸ್ಸೆಂದು ಹಿಡಿಯುವುದು ವಾಡಿಕೆ. ಇಲ್ಲಿ ಆ ಬೆಲೆಗಳು 17.5, 22.5, 27.5 ಮತ್ತು 32.5. ಮೊದಲನೆಯವನ ಲೆಕ್ಕದಿಂದ ಸರಾಸರಿ ವಯಸ್ಸು 21.25 ವರ್ಷ ಬರುತ್ತದೆ, ಎರಡನೆಯವನದರಿಂದ 24.17 ವರ್ಷ. ಅದೇ ಹನ್ನೆರಡು ಜನ, ಅದೇ ವಾರ, ಆದರೂ ಸುಮಾರು ಮೂರು ವರ್ಷಗಳ ಅಂತರ.

ನಾನು ಎಡವಿದ್ದು ಎಲ್ಲಿ? ಭೌತಶಾಸ್ತ್ರದ ಅಭ್ಯಾಸಬಲ ನನ್ನನ್ನು ದಾರಿ ತಪ್ಪಿಸಿತ್ತು. ತಂತಿಯೊಂದರ ಉದ್ದವನ್ನು ಅಳೆಯುವಾಗ ಅದು ಸರಿಯಾಗಿ 20 ಸೆಂಟಿಮೀಟರೇ ಇರುವುದು ಬಲು ಅಪರೂಪ, 19.98 ಇರಬಹುದು, 20.03 ಇರಬಹುದು. ಆದ್ದರಿಂದ ಎಲ್ಲೆಯ ಮೇಲೆ ಬಿದ್ದ ಬಿಂದು ಯಾವ ಕಡೆಗೆ ಸೇರಿದರೂ ಹೆಚ್ಚಿನ ನಷ್ಟವಿಲ್ಲ. ಆದರೆ ಮನುಷ್ಯರು ತಂತಿಗಳಂತಲ್ಲ. ನಮ್ಮ ಊರುಗಳಲ್ಲಿ ಹಿರಿಯರನ್ನು ವಯಸ್ಸೆಷ್ಟೆಂದು ಕೇಳಿ ನೋಡಿ. “ಒಂದು ಐವತ್ತಿರಬಹುದಪ್ಪ” ಎನ್ನುತ್ತಾರೆ. “ನಲವತ್ತೊಂಬತ್ತಿರಬಹುದು” ಎನ್ನುವವರನ್ನು ನಾನು ಕಂಡಿಲ್ಲ. ಭಾರತದ ಜನಗಣತಿಯ ಅಂಕಿಅಂಶಗಳಲ್ಲಿ ಒಂದೊಂದು ವಯಸ್ಸಿಗೂ ಎಷ್ಟು ಜನರಿದ್ದಾರೆಂದು ಬರೆದ ಕೋಷ್ಟಕವನ್ನು ನಕ್ಷೆಯಾಗಿ ಎಳೆದರೆ, 30, 35, 40, 45 ಹೀಗೆ ಸೊನ್ನೆ ಮತ್ತು ಐದರಿಂದ ಮುಗಿಯುವ ವಯಸ್ಸುಗಳಲ್ಲಿ ಗೋಪುರಗಳೂ ಅವುಗಳ ಅಕ್ಕಪಕ್ಕದಲ್ಲಿ ಕಣಿವೆಗಳೂ ಕಾಣುತ್ತವೆ. ಆ ವರ್ಷಗಳಲ್ಲಿ ಮಕ್ಕಳು ಹೆಚ್ಚಾಗಿ ಹುಟ್ಟಿದ್ದರೆಂದಲ್ಲ. ನಿಖರವಾದ ವಯಸ್ಸು ತಿಳಿಯದವರು ಹತ್ತಿರದ ಗುಂಡಾದ ಸಂಖ್ಯೆಯನ್ನು ಹೇಳಿಬಿಡುತ್ತಾರೆ.

ಇದನ್ನು ಅಳೆಯಲು ಜನಸಂಖ್ಯಾಶಾಸ್ತ್ರದವರು ವಿಪಲ್ ಸೂಚ್ಯಂಕವೆಂಬುದೊಂದನ್ನು ಬಳಸುತ್ತಾರೆ. 23ರಿಂದ ಆರಂಭಿಸಿ 62ನ್ನೂ ಒಳಗೊಂಡು ಇರುವ ವಯಸ್ಸಿನವರನ್ನು ತೆಗೆದುಕೊಂಡು, ಅವರಲ್ಲಿ ಸೊನ್ನೆ ಅಥವಾ ಐದರಿಂದ ಮುಗಿಯುವ ವಯಸ್ಸನ್ನು ಹೇಳಿದವರು ಎಷ್ಟು ಮಂದಿ ಎಂದು ನೋಡುತ್ತಾರೆ. ಒಲವೇನೂ ಇಲ್ಲದಿದ್ದರೆ ಅಂಥವರು ಐದನೆಯ ಒಂದು ಭಾಗವಿರಬೇಕು. ಆಗ ಸೂಚ್ಯಂಕ 100. ಎಲ್ಲರೂ ಗುಂಡಾದ ವಯಸ್ಸನ್ನೇ ಹೇಳಿದರೆ ಅದು 500. ಈಗ ನನ್ನ ಫಾರಮ್ಮನ್ನು ಮತ್ತೊಮ್ಮೆ ನೋಡಿ. ಜನರು ಎಲ್ಲಿ ಗುಂಪುಗೂಡುತ್ತಾರೋ ಸರಿಯಾಗಿ ಅಲ್ಲಿಯೇ, 20, 25, 30ರ ಮೇಲೆಯೇ, ನಾನು ಗೆರೆಯನ್ನು ಎಳೆದಿದ್ದೆ. ಸಂತೆಯ ನಟ್ಟನಡುವೆ ಬೇಲಿ ಹಾಕಿ, ಬೇಲಿಯ ಮೇಲೆ ನಿಂತವರು ಯಾವ ಕಡೆಯವರೆಂದು ಹೇಳದೆ ಬಿಟ್ಟಂತೆ.

ಹಾಗಾದರೆ 15–19, 20–24, 25–29 ಎಂದು ಬರೆದರೆ ಆಯಿತಲ್ಲ ಎಂದು ಕೇಳಬಹುದು. ಆಯಿತು, ಆದರೆ ಒಂದು ಕರಾರಿನ ಮೇಲೆ. ಹತ್ತೊಂಬತ್ತೂವರೆ ವರ್ಷದ ಹುಡುಗಿ ಎಲ್ಲಿಗೆ ಹೋಗಬೇಕು? 19ಕ್ಕೂ 20ಕ್ಕೂ ನಡುವೆ ಒಂದು ವರ್ಷದ ಸಂದು ಇದೆಯಲ್ಲ? ಈ ಸಂದನ್ನು ಮುಚ್ಚುವುದು ಅಂಕಿಗಳಲ್ಲ, ವಯಸ್ಸೆಂದರೆ ಏನು ಎಂಬ ವ್ಯಾಖ್ಯೆ. ಕನ್ನಡದಲ್ಲಿ ಈ ವ್ಯಾಖ್ಯೆಗೆ ಬಲು ಸೊಗಸಾದ ಮಾತುಗಳಿವೆ. “ಹತ್ತೊಂಬತ್ತು ತುಂಬಿ ಇಪ್ಪತ್ತು ನಡೆಯುತ್ತಿದೆ” ಎಂದು ನಮ್ಮ ತಾಯಂದಿರು ಹೇಳುತ್ತಾರೆ. ‘ತುಂಬಿದ’ ವಯಸ್ಸೆಂದರೆ ಕಳೆದ ಹುಟ್ಟುಹಬ್ಬದಂದು ಆದ ವಯಸ್ಸು. ಅದು ಯಾವಾಗಲೂ ಪೂರ್ಣಾಂಕ. ‘ನಡೆಯುವ’ ವಯಸ್ಸು ಅದಕ್ಕಿಂತ ಒಂದು ಹೆಚ್ಚು. ಜನಗಣತಿಯಲ್ಲಿ ಕೇಳುವುದು ತುಂಬಿದ ವಯಸ್ಸನ್ನೇ. ಒಂದು ವರ್ಷ ತುಂಬದ ಕೂಸಿಗೆ ಅಲ್ಲಿ ವಯಸ್ಸು 0. ಹೀಗೆ ಕೇಳಿದಾಗ 19.5 ಎಂಬ ಉತ್ತರವೇ ಹುಟ್ಟುವುದಿಲ್ಲ. 15–19 ಮತ್ತು 20–24ರ ನಡುವೆ ಬೀಳುವುದಕ್ಕೆ ಯಾರೂ ಇರುವುದಿಲ್ಲ. ಆದರೆ ಪ್ರಶ್ನೆಯಲ್ಲಿ ‘ವಯಸ್ಸು’ ಎಂದಷ್ಟೇ ಇದ್ದರೆ, ಅದೇ ಹುಡುಗಿ 19 ಎಂದೂ ಹೇಳಬಹುದು, ನಡೆಯುವುದನ್ನು ಲೆಕ್ಕಿಸಿ 20 ಎಂದೂ ಹೇಳಬಹುದು. ಆದ್ದರಿಂದ ‘ತುಂಬಿದ ವಯಸ್ಸು’ ಎಂದು ಅಚ್ಚಾಗಲೇಬೇಕು.

ಯಾವ ದಿನಕ್ಕೆ ತುಂಬಿದ್ದು ಎಂಬುದೂ ಗೊತ್ತಿರಬೇಕು. ಮತದಾರರ ಪಟ್ಟಿಗೆ ಸೇರಲು 18 ವರ್ಷ ತುಂಬಿರಬೇಕಾದ ದಿನ ಬಹುಕಾಲ ಜನವರಿ 1 ಒಂದೇ ಆಗಿತ್ತು. 2021ರ ತಿದ್ದುಪಡಿಯಿಂದ ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನಗಳೂ ಸೇರಿದುವು. ಏಳು ದಿನಗಳ ಶಿಬಿರಕ್ಕೆ ಇದು ಅಷ್ಟು ಮುಖ್ಯವಲ್ಲ. ಆರು ತಿಂಗಳು ನಡೆಯುವ ಸಮೀಕ್ಷೆಗೆ ಬಹಳ ಮುಖ್ಯ.

ಅಂಕಿಗಳಷ್ಟೇ ತೊಡಕನ್ನು ಮಾತುಗಳೂ ಉಂಟುಮಾಡುತ್ತವೆ. ‘20ರವರೆಗೆ’ ಎಂದರೆ 20 ಒಳಗೋ ಹೊರಗೋ? ‘45 ವರ್ಷ ಮೇಲ್ಪಟ್ಟವರು’ ಎಂದರೆ ಸರಿಯಾಗಿ 45 ತುಂಬಿದವರು ಸೇರುತ್ತಾರೆಯೇ? 2021ರ ಏಪ್ರಿಲ್ 1ರಿಂದ 45 ವರ್ಷದವರಿಗೂ ಅದಕ್ಕೆ ಮೇಲಿನವರಿಗೂ ಕೋವಿಡ್ ಲಸಿಕೆ ದೊರೆಯಿತು. ಮೇ 1ರಿಂದ 18–44ರವರಿಗೆ ಅವಕಾಶವಾಯಿತು. ಆದೇಶದ ಮಾತು ಸ್ಪಷ್ಟವಾಗಿಯೇ ಇತ್ತು. ಅದು ಜನರ ಬಾಯಲ್ಲಿ ‘18ರಿಂದ 45’ ಮತ್ತು ‘45ಕ್ಕೆ ಮೇಲೆ’ ಎಂದಾದಾಗ, 45 ತುಂಬಿದವರು ಎರಡು ಕಡೆಯೂ ಇದ್ದರು, ಅಥವಾ ಕೇಳಿದವರ ಮನೋಧರ್ಮಕ್ಕೆ ತಕ್ಕಂತೆ ಎಲ್ಲಿಯೂ ಇರಲಿಲ್ಲ. ‘ಒಳಗೆ’, ‘ವರೆಗೆ’, ‘ಮೇಲ್ಪಟ್ಟು’ ಎಂಬ ಪದಗಳನ್ನು ಪ್ರಶ್ನಾವಳಿಯಲ್ಲಿ ಒಂಟಿಯಾಗಿ ಬಿಡಬಾರದೆಂಬುದು ನನ್ನ ಅಭಿಪ್ರಾಯ. ‘ಕ್ಕಿಂತ ಕಡಮೆ’ ಮತ್ತು ‘ಅಥವಾ ಅದಕ್ಕಿಂತ ಹೆಚ್ಚು’ ಎಂಬ ಜೋಡಿ ಕಿವಿಗೆ ಇಂಪಾಗಿಲ್ಲದಿದ್ದರೂ ಅದರಲ್ಲಿ ಸಂದಿಗ್ಧವಿಲ್ಲ.

ಇನ್ನು ಆದಾಯದ ಪ್ರಶ್ನೆ. ಇಲ್ಲಿ ನನ್ನ ಫಾರಂ ವಿರುದ್ಧ ದಿಕ್ಕಿನಲ್ಲಿ ಕೆಟ್ಟಿತ್ತು. ಚೌಕಗಳು: 5,000–9,000, 10,000–14,000, 15,000–19,000. ವಯಸ್ಸಿಗೆ 15–19, 20–24 ಎಂದು ಬರೆದ ಫಾರಂಗಳನ್ನು ನೋಡಿ ನೋಡಿ ಕೈಗೆ ಅದೇ ರೂಢಿಯಾಗಿರುತ್ತದೆ. ಅದನ್ನೇ ಸಾವಿರ ಪಟ್ಟು ಮಾಡಿ ಹಣಕ್ಕೆ ಹಚ್ಚಿದ್ದೆ. ತುಂಬಿದ ವಯಸ್ಸು ಒಂದೊಂದೇ ವರ್ಷ ಜಿಗಿಯುವುದರಿಂದ 19ಕ್ಕೂ 20ಕ್ಕೂ ನಡುವೆ ಏನೂ ಇಲ್ಲ. ಹಣ ಸಾವಿರ ಸಾವಿರವಾಗಿ ಜಿಗಿಯುವುದಿಲ್ಲ. ತಿಂಗಳಿಗೆ 9,500 ರೂಪಾಯಿ ದುಡಿಯುವ ಗಾರೆಯವನ ಕೈಯಾಳು ತನ್ನ ಚೌಕವನ್ನು ಹುಡುಕಿದರೆ ಅದು ಸಿಕ್ಕುವುದಿಲ್ಲ. ಅವನು ಮೂರರಲ್ಲಿ ಒಂದನ್ನು ಮಾಡುತ್ತಾನೆ: ಹತ್ತಿರದ ಚೌಕಕ್ಕೆ ಗುರುತು ಹಾಕುತ್ತಾನೆ, ಅಂಚಿನಲ್ಲಿ ‘9,500’ ಎಂದು ಬರೆಯುತ್ತಾನೆ, ಇಲ್ಲವೆ ಖಾಲಿ ಬಿಡುತ್ತಾನೆ. ಅಂಚಿನಲ್ಲಿ ಬರೆದವನೇ ನಮಗೆ ಪರಮೋಪಕಾರಿ. ಫಾರಂ ಕೆಟ್ಟಿದೆಯೆಂದು ಅವನೊಬ್ಬನೇ ಬಾಯಿಬಿಟ್ಟು ಹೇಳುತ್ತಾನೆ. ಖಾಲಿ ಬಿಟ್ಟದ್ದು ಏನನ್ನೂ ಹೇಳುವುದಿಲ್ಲ. ಆದಾಯವನ್ನು ಹೇಳಿಕೊಳ್ಳಲು ಜನರಿಗೆ ಸಂಕೋಚವಿರುವುದರಿಂದ ಆ ಪ್ರಶ್ನೆ ಹೇಗೂ ಹಲವು ಕಡೆ ಖಾಲಿ ಬರುತ್ತದೆ. ಸಂಕೋಚದಿಂದ ಖಾಲಿಯಾದದ್ದು ಯಾವುದು, ಚೌಕವಿಲ್ಲದೆ ಖಾಲಿಯಾದದ್ದು ಯಾವುದು ಎಂದು ಬೇರ್ಪಡಿಸಲು ಆಮೇಲೆ ದಾರಿಯೇ ಇಲ್ಲ.

ಸಂದು ಇದ್ದ ಮಾತ್ರಕ್ಕೆ ತಪ್ಪೇ ಎಂದು ಹೇಳಲಾಗದು. ಆದಾಯ ತೆರಿಗೆಯ ಕೋಷ್ಟಕಗಳಲ್ಲಿ ‘2,50,000ದವರೆಗೆ’ ಎಂಬುದರ ಕೆಳಗೆ ‘2,50,001ರಿಂದ 5,00,000’ ಎಂದು ಅಚ್ಚಾಗಿರುವುದನ್ನು ವಾಚಕರು ನೋಡಿರಬಹುದು. 2,50,000 ರೂಪಾಯಿ 50 ಪೈಸೆ ಆದಾಯದವನ ಗತಿಯೇನು? 1961ರ ಆದಾಯ ತೆರಿಗೆ ಕಾಯಿದೆಯ 288ಎ ಪ್ರಕರಣ ಇದಕ್ಕೆ ಉತ್ತರ ಕೊಟ್ಟಿತ್ತು: ಒಟ್ಟು ಆದಾಯದಲ್ಲಿ ಪೈಸೆಗಳನ್ನು ಬಿಟ್ಟು, ಉಳಿದುದನ್ನು ಹತ್ತಿರದ ಹತ್ತು ರೂಪಾಯಿಗೆ ಸರಿಹೊಂದಿಸಬೇಕು. ಹಾಗೆ ಮಾಡಿದ ಮೇಲೆ ಎರಡು ಸಾಲುಗಳ ನಡುವೆ ಬೀಳಬಲ್ಲ ಆದಾಯವೇ ಉಳಿಯುವುದಿಲ್ಲ. ಅಳತೆಯ ಅತಿ ಸಣ್ಣ ಹೆಜ್ಜೆ ಯಾವುದೆಂದು ಮೊದಲು ಗೊತ್ತುಮಾಡಿದರೆ, ಆ ಹೆಜ್ಜೆಗಿಂತ ದೊಡ್ಡದಲ್ಲದ ಸಂದು ನಿರಪಾಯಕರ. ವಯಸ್ಸಿಗೆ ಆ ಹೆಜ್ಜೆ ಒಂದು ವರ್ಷ. ನನ್ನ ಫಾರಮ್ಮಿನ ಆದಾಯಕ್ಕೆ ಒಂದು ರೂಪಾಯಿ. ಸಾವಿರ ರೂಪಾಯಿಯ ಸಂದಿಗೆ ಕ್ಷಮೆಯಿಲ್ಲ.

ಎರಡನೆಯ ಸಲ ನಾವು ಆದಾಯದ ಚೌಕಗಳನ್ನು ಕಟ್ಟಿದ ಕ್ರಮವನ್ನು ಹೇಳುತ್ತೇನೆ. ಮೊದಲು ಪ್ರಶ್ನೆ: ‘ಕಳೆದ ಹನ್ನೆರಡು ತಿಂಗಳುಗಳಲ್ಲಿ ಮನೆಯ ಎಲ್ಲರ ಆದಾಯ ಸೇರಿ, ಸರಾಸರಿ ತಿಂಗಳಿಗೆ ಎಷ್ಟು ರೂಪಾಯಿ?’ ಯಾರದು, ಎಷ್ಟು ಕಾಲದ್ದು ಎಂಬುದನ್ನು ಹೇಳದಿದ್ದರೆ ಚೌಕಗಳು ಎಷ್ಟು ಚೊಕ್ಕಟವಾಗಿದ್ದರೂ ಪ್ರಯೋಜನವಿಲ್ಲ. ಆಮೇಲೆ ಕಾಗದದ ಮೇಲೆ ಒಂದು ಗೆರೆಯನ್ನು ಎಳೆದು ಅದರ ಮೇಲೆ ಕತ್ತರಿಸುವ ಬಿಂದುಗಳನ್ನು ಮಾತ್ರ ಗುರುತಿಸಿದೆವು: 5,000, 10,000, 15,000, 20,000. ಇಲ್ಲಿ ಒಂದು ಸೂಕ್ಷ್ಮವಿದೆ. ವರ್ಗಕ್ಕೆ ಎರಡೆರಡು ತುದಿಗಳನ್ನು ಬರೆಯುತ್ತ ಹೋದಾಗಲೇ ಏರಿಕೆಯೂ ಸಂದೂ ಹುಟ್ಟುವುದು. ಒಂದು ಎಲ್ಲೆಗೆ ಒಂದೇ ಅಂಕಿ ಎಂದು ನಿರ್ಧರಿಸಿದರೆ, ಉಳಿಯುವ ಪ್ರಶ್ನೆ ಆ ಅಂಕಿ ಯಾವ ಕಡೆಗೆ ಸೇರಬೇಕೆಂಬುದು ಮಾತ್ರ. ಅದು ಮೇಲಿನ ವರ್ಗಕ್ಕೆ ಸೇರಲಿ ಎಂದು ಒಮ್ಮೆ ಗೊತ್ತುಮಾಡಿ, ಎಲ್ಲ ಎಲ್ಲೆಗಳಿಗೂ ಅದೇ ನಿಯಮವನ್ನು ಹಚ್ಚಿದೆವು. ಗಣಿತದ ಭಾಷೆಯಲ್ಲಿ ಪ್ರತಿ ವರ್ಗವೂ a ≤ x < b ಎಂಬ ರೂಪದ್ದು. ಒಂದರ b ಮುಂದಿನದರ a ಆಗಿರಬೇಕು. ಜನರಿಗೆ ಈ ಚಿಹ್ನೆಗಳು ಬೇಡವಾದ್ದರಿಂದ, ಅಚ್ಚಿನಲ್ಲಿ ‘10,000 ಅಥವಾ ಹೆಚ್ಚು, ಆದರೆ 15,000ಕ್ಕಿಂತ ಕಡಮೆ’ ಎಂದು ಬರೆದೆವು. ಸ್ಥಳವಿಲ್ಲದಿದ್ದರೆ ‘10,000–14,999’ ಎಂದೂ ಬರೆಯಬಹುದು, ಪೈಸೆಗಳನ್ನು ಬಿಡಬೇಕೆಂಬ ಸೂಚನೆಯೊಡನೆ.

ತುದಿಗಳನ್ನು ಮರೆಯುವುದು ಸುಲಭ. ಮೇಲ್ತುದಿಗೆ ‘20,000 ಅಥವಾ ಹೆಚ್ಚು’ ಎಂದು ಬಾಗಿಲು ತೆರೆದಿಟ್ಟೆವು. ಕೆಳತುದಿ ‘5,000ಕ್ಕಿಂತ ಕಡಮೆ’ ಎಂದಿತ್ತು. ಅದರಲ್ಲಿ ಸೊನ್ನೆಯೂ ಸೇರಿತೆಂದು ನಾನು ತೃಪ್ತಿಪಟ್ಟೆ. ರೈತನ ಮಗಳಾದ ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಸಾರ್, ಬೆಳೆ ಕೈಕೊಟ್ಟ ವರ್ಷ ಹಾಕಿದ ಬಂಡವಾಳವೂ ಬಾರದಿದ್ದರೆ?” ಸಂಬಳ ಎಣಿಸುವವನಿಗೆ ಹೊಳೆಯದ ಪ್ರಶ್ನೆ. ಬೇಸಾಯದ ಆದಾಯ ಸೊನ್ನೆಗಿಂತ ಕೆಳಗೂ ಇಳಿಯುತ್ತದೆ. ಆದ್ದರಿಂದ ‘ಆದಾಯವಿಲ್ಲ ಅಥವಾ ನಷ್ಟ’ ಎಂಬ ಚೌಕ ಮೊದಲಿಗೆ ಬಂದಿತು. ಅದರ ಮುಂದಿನದು ‘1–4,999’ ಆಯಿತು.

ಅಚ್ಚಿಗೆ ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿದೆವು. ಪ್ರತಿ ಎಲ್ಲೆಯ ಸಂಖ್ಯೆ, ಅದಕ್ಕಿಂತ ಒಂದು ಹೆಜ್ಜೆ ಕಡಮೆ, ಒಂದು ಹೆಜ್ಜೆ ಹೆಚ್ಚು: 9,999, 10,000, 10,001 ಹೀಗೆ. ಒಬ್ಬನು ಈ ಸಂಖ್ಯೆಗಳನ್ನು ಓದಿ ಹೇಳುವುದು, ಚೌಕಗಳನ್ನು ಹಿಂದೆಂದೂ ನೋಡದ ಇನ್ನೊಬ್ಬನು ಗುರುತು ಹಾಕುವುದು. ಪ್ರತಿ ಸಂಖ್ಯೆಗೂ ಒಂದೇ ಒಂದು ಚೌಕ ಸಿಕ್ಕಬೇಕು. ಎರಡು ಸಿಕ್ಕರೆ ಏರಿಕೆ. ಒಂದೂ ಸಿಕ್ಕದಿದ್ದರೆ ಸಂದು. ಸೊನ್ನೆ, ಒಂದು ನಷ್ಟದ ಸಂಖ್ಯೆ, ಒಂದು ಅತಿ ದೊಡ್ಡ ಸಂಖ್ಯೆ, ಇವನ್ನೂ ಸೇರಿಸಬೇಕು. ಹತ್ತು ನಿಮಿಷದ ಕೆಲಸ.

ಚೌಕಗಳು ಚೊಕ್ಕಟವಾದ ಮೇಲೂ ಒಂದು ಸಣ್ಣ ದೋಷ ಉಳಿಯುತ್ತದೆ. ನಮ್ಮ 12 ಮಂದಿಯನ್ನು ತುಂಬಿದ ವಯಸ್ಸಿನ 15–19, 20–24, 25–29, 30–34ರ ವರ್ಗಗಳಲ್ಲಿ ಇಟ್ಟರೆ 2, 5, 4, 1 ಬರುತ್ತದೆ. ಇಲ್ಲಿ 20–24ರ ನಡುಬೆಲೆ 22 ಎಂದು ಹಲವರು ಬರೆಯುತ್ತಾರೆ. ಅದು ಸರಿಯಲ್ಲ. 24 ತುಂಬಿದವರು 25ರ ಹಿಂದಿನ ದಿನದವರೆಗೂ 24ರವರೇ. ವರ್ಗ ನಿಜವಾಗಿ ಹರಡಿರುವುದು 20ರಿಂದ 25ಕ್ಕೆ ತಾಕುವಷ್ಟು. ಆದ್ದರಿಂದ ನಡುಬೆಲೆ 22.5. (ಎತ್ತರವನ್ನು ಹತ್ತಿರದ ಸೆಂಟಿಮೀಟರಿಗೆ ಸರಿಹೊಂದಿಸಿ ಬರೆದಾಗ ಮಾತು ಬೇರೆ; ಅಲ್ಲಿ 160–164 ಎಂದರೆ 159.5ರಿಂದ 164.5, ನಡುಬೆಲೆ 162.) ಹೀಗೆ ಲೆಕ್ಕ ಹಾಕಿದರೆ ಸರಾಸರಿ 24.17. ಹನ್ನೆರಡು ವಯಸ್ಸುಗಳನ್ನು ನೇರವಾಗಿ ಕೂಡಿದರೆ ಸರಾಸರಿ 23. ತುಂಬಿದ ವಯಸ್ಸಿನ ಮೇಲೆ ಸರಾಸರಿ ಅರ್ಧ ವರ್ಷ ಕಳೆದಿರುತ್ತದೆಯಾದ್ದರಿಂದ 23.5 ಎನ್ನೋಣ. ಉಳಿದ ಮುಕ್ಕಾಲು ವರ್ಷಕ್ಕೆ ಸಮೀಪದ ವ್ಯತ್ಯಾಸವೇಕೆ? 20 ಮತ್ತು 25ರಲ್ಲಿ ಗುಂಪುಗೂಡಿದವರು ತಮ್ಮ ವರ್ಗಗಳ ತಳದಲ್ಲಿ ನಿಂತಿದ್ದಾರೆ. ನಾವು ಅವರನ್ನು ನಡುವಿನವರೆಂದು ಎಣಿಸುತ್ತಿದ್ದೇವೆ. ಗುಂಪು ವರ್ಗದ ನಡುವೆ ಬರುವಂತೆ 18–22, 23–27, 28–32 ಎಂದು ಕತ್ತರಿಸಿದರೆ 6, 4, 2 ಬಂದು ಸರಾಸರಿ 23.83 ಆಗುತ್ತದೆ, ದೋಷ ಅರ್ಧಕ್ಕೆ ಇಳಿಯುತ್ತದೆ. ಆದರೆ ಜನಗಣತಿಯ ಪ್ರಕಟಿತ ವರ್ಗಗಳು 20–24, 25–29ರ ರೀತಿಯವು. ಅವುಗಳೊಡನೆ ಹೋಲಿಸಬೇಕಾದವರಿಗೆ ಈ ಕತ್ತರಿಕೆ ನೆರವಾಗದು. ನಾವು ಹೋಲಿಕೆಯನ್ನೇ ಆರಿಸಿಕೊಂಡೆವು.

ಮೊದಲ ಫಾರಂಗಳ ಗತಿಯೇನಾಯಿತೆಂದು ಕೇಳಬಹುದು. ಅವುಗಳನ್ನು ಸರಿಪಡಿಸಲು ಸಾಧ್ಯವೇ ಎಂದು ಒಂದು ಸಂಜೆಯೆಲ್ಲ ಯೋಚಿಸಿದೆ. 15–20 ಮತ್ತು 20–25ನ್ನು ಕೂಡಿಸಿ 15–25 ಎಂದು ಮಾಡಿದರೆ 20ರ ಗೊಂದಲ ಮಾಯವಾಗುತ್ತದೆ, 25ರದು ಹಾಗೆಯೇ ಉಳಿಯುತ್ತದೆ. ಎಲ್ಲವನ್ನೂ ಕೂಡಿಸಿದರೆ ಗೊಂದಲವೂ ಇಲ್ಲ, ಮಾಹಿತಿಯೂ ಇಲ್ಲ. ಚೌಕದ ಪಕ್ಕದಲ್ಲಿ ವಯಸ್ಸನ್ನೇ ಅಂಕಿಯಲ್ಲಿ ಬರೆದುಕೊಂಡಿದ್ದರೆ ಹತ್ತು ರೀತಿಗಳಲ್ಲಿ ವಿಂಗಡಿಸಿ ನೋಡಬಹುದಾಗಿತ್ತು. ವಯಸ್ಸಿಗೆ ಚೌಕಗಳು ಬೇಕಾಗಿಯೇ ಇರಲಿಲ್ಲವೆಂಬುದು ಆಗ ಹೊಳೆಯಿತು. ವಯಸ್ಸನ್ನು ಹೇಳಲು ಆ ಊರಿನಲ್ಲಿ ಯಾರೂ ಸಂಕೋಚಪಟ್ಟಿರಲಿಲ್ಲ. ಚೌಕಗಳ ಮರೆ ಬೇಕಾದದ್ದು ಆದಾಯಕ್ಕೆ ಮಾತ್ರ. ಮುಂದಿನ ಶನಿವಾರ ಮತ್ತು ಭಾನುವಾರ ವಿದ್ಯಾರ್ಥಿಗಳು ಹೊಸ ಫಾರಂ ಹಿಡಿದು ಅದೇ ಮನೆಗಳಿಗೆ ಮತ್ತೆ ಹೋದರು. ಗಾರೆಯವನ ಕೈಯಾಳು ಈ ಸಲ ‘5,000 ಅಥವಾ ಹೆಚ್ಚು, ಆದರೆ 10,000ಕ್ಕಿಂತ ಕಡಮೆ’ ಎಂಬುದಕ್ಕೆ ಗುರುತು ಹಾಕಿ, “ಹೋದ ಸಲ ಇದು ಇರಲಿಲ್ಲ” ಎಂದನಂತೆ.